ಟೀ ಪಾಟ್ ತೊಳೆದ ವೃತ್ತಾಂತ

ನಮ್ಮ ಮನೆಗೆ ಯಾರಾದರೂ ಬರುತ್ತಾರೆಂದರೆ ನನ್ನ ಕಪ್ ಶೆಲ್ಫಿನ ಹಿಂದಿನ ಸಾಲಿಗೆ ಸರಿದುಬಿಡುತ್ತದೆ. ಹೊರಗಿನಿಂದ ನೋಡಿದರೆ ಅಚ್ಚ ಬಿಳಿ ಪಿಂಗಾಣಿ, ಯಾವ ದೋಷವೂ ಇಲ್ಲ. ಇಣುಕಿ ನೋಡಿದವರಿಗೆ ಮಾತ್ರ ಬಾಯಂಚಿನಿಂದ ಎರಡು ಬೆರಳು ಕೆಳಗೆ ಬಿಳಿ ಮುಗಿದು ಕಂದು ಶುರುವಾಗುವುದು ಕಾಣುತ್ತದೆ. ಅಲ್ಲಿಂದ ತಳದವರೆಗೆ ಉಂಗುರದ ಕೆಳಗೆ ಉಂಗುರ, ಕಡಿದ ಮರದ ದಿಮ್ಮಿಯಲ್ಲಿ ವಯಸ್ಸು ಎಣಿಸಿದ ಹಾಗೆ ಎಣಿಸಬಹುದು. ಪಕ್ಕದಲ್ಲೇ ಇರುವ ನನ್ನ ಹೆಂಡತಿಯ ಕಪ್, ಅದೇ ಅಂಗಡಿ, ಅದೇ ಸೆಟ್ಟು, ಇವತ್ತು ಕೊಂಡು ತಂದಂತಿದೆ.

"ತೊಳೆಯೋ ಕೈಯಲ್ಲಿದೆ ರೀ ಎಲ್ಲ," ಎನ್ನುವುದು ಅವಳ ಸಿದ್ಧಾಂತ. ಎರಡನ್ನೂ ತೊಳೆಯುವವರು ಒಬ್ಬರೇ ಕೆಲಸದಮ್ಮ ಎಂಬ ನನ್ನ ವಾದ ಬಿದ್ದುಹೋಯಿತು. ಆ ಕೆಲಸದಮ್ಮನೇ, "ಸಾರ್ ಕಪ್ಪು ನನ್ ಕೈಲಾಗಲ್ಲಮ್ಮ," ಎಂದು ಕೈಯೆತ್ತಿಬಿಟ್ಟರು. ಇಷ್ಟಾದ ಮೇಲೆ ಗಂಡಸಾದವನು ಸುಮ್ಮನಿರುವುದು ಹೇಗೆ? ಒಂದು ಭಾನುವಾರ ಬೆಳಿಗ್ಗೆ ಲುಂಗಿ ಮೇಲಕ್ಕೆ ಕಟ್ಟಿ ಸಿಂಕಿನ ಮುಂದೆ ನಿಂತೆ.

ಮೊದಲು ಕೈಗೆ ಸಿಕ್ಕಿದ್ದು ಬಾಣಲೆ ತಿಕ್ಕುವ ಸ್ಟೀಲ್ ನಾರು. ಹತ್ತು ನಿಮಿಷ ತಿಕ್ಕಿದ ಮೇಲೆ ಕಂದು ಅಲ್ಲಲ್ಲಿ ಹೋಯಿತು ನಿಜ. ಆದರೆ ಹೋದ ಜಾಗದಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಗೀಚಿದಂಥ ಬೂದು ಗೆರೆಗಳು ಎದ್ದವು. ಗೀರು ಬಿತ್ತೆಂದು ಗಾಬರಿಯಾಗಿ ಅದೇ ನಾರಿನಲ್ಲಿ ಅದನ್ನೂ ತಿಕ್ಕಿದೆ. ಗೆರೆಗಳು ಹೆಚ್ಚಾದವು. ಪಿಂಗಾಣಿಯ ಮೇಲಿನ ಗ್ಲೇಜ್ ಎಂದರೆ ಒಂದು ಪದರ ಗಾಜು, ಮೆದು ಸ್ಟೀಲಿಗಿಂತ ಗಟ್ಟಿ. ಹಾಗಾಗಿ ಸವೆದದ್ದು ಬಹುಮಟ್ಟಿಗೆ ನಾರು. ಅದರ ಲೋಹವೇ ಗ್ಲೇಜಿನ ಮೇಲೆ ಕೂತಿತ್ತು. ಉಗುರು ಆಡಿಸಿದಾಗ ತಗ್ಗು ಸಿಕ್ಕಿದರೆ ಗೀರು, ನುಣ್ಣಗೆ ಜಾರಿದರೆ ಲೋಹದ ಗುರುತು. ಇದನ್ನು ನನಗೆ ಹೇಳಿದವನು ನನ್ನ ಭಾವಮೈದ. ಅವನು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾನೆ, ರಜಾದಿನಗಳಲ್ಲಿ ನಮ್ಮ ಮನೆಯಲ್ಲಿ ಮಾಡುತ್ತಾನೆ. ಹಸಿರು ಸ್ಕ್ರಬ್ಬರ್ ಹಾಳೆಗಳ ವಿಷಯ ಬೇರೆಯಂತೆ. ಕೆಲವದರಲ್ಲಿ ಗ್ಲೇಜಿಗಿಂತ ಗಟ್ಟಿಯಾದ ಪುಡಿ ಅಂಟಿಸಿರುತ್ತಾರೆ, ಅದು ನಿಜಕ್ಕೂ ಗೀರುತ್ತದೆ. ಗೀರಿದ ಜಾಗದಲ್ಲಿ ಮುಂದಿನ ಕಲೆ ಇನ್ನೂ ಬೇಗ ಹಿಡಿಯುತ್ತದೆ.

ಆಮೇಲೆ ಎಲ್ಲರ ಮನೆಯಲ್ಲೂ ಮಾಡುವ ಮಹಾಪ್ರಯೋಗ: ಅಡುಗೆ ಸೋಡಾ ಹಾಕಿ, ಮೇಲೆ ನಿಂಬೆಹಣ್ಣು ಹಿಂಡುವುದು. ಬುಸ್ಸೆಂದು ನೊರೆ ಎದ್ದಾಗ ಆಗುವ ಆನಂದ ಬೇರೆಯೇ. ಕಲೆ ಕಿತ್ತುಬರುತ್ತಿದೆ ಎಂದು ಮನಸ್ಸು ಹೇಳುತ್ತದೆ, ಕಪ್ ಮಾತ್ರ ಒಪ್ಪುವುದಿಲ್ಲ. ಭಾವಮೈದ ಕಾಫಿ ಹೀರುತ್ತ ನೋಡುತ್ತಿದ್ದ.

"ಭಾವ, ಸೋಡಾ ಕ್ಷಾರ, ನಿಂಬೆ ಆಮ್ಲ. ಒಂದನ್ನೊಂದು ಕೊಂದು ಹಾಕಿದ್ವು. ಈಗ ನೀವು ತಿಕ್ತಾ ಇರೋದು ಬರೀ ಉಪ್ಪುನೀರು."

"ಮತ್ತೆ ನೊರೆ?"

"ಅದು ಗ್ಯಾಸು. ನೋಡೋಕೆ ಚೆನ್ನಾಗಿರುತ್ತೆ."

ಎರಡನ್ನೂ ಬೇರೆ ಬೇರೆ ಹೊತ್ತಿನಲ್ಲಿ ಬಳಸಿದರೆ ಎರಡೂ ಕೆಲಸಕ್ಕೆ ಬರುತ್ತವೆ ಎಂದ. ಮೂರು ಚಮಚ ಸೋಡಾಕ್ಕೆ ಒಂದು ಚಮಚ ನೀರು ಹಾಕಿ ಗಟ್ಟಿಯಾಗಿ ಕಲಸಿ, ಒದ್ದೆ ಬಟ್ಟೆಯಲ್ಲಿ ತಿಕ್ಕಬೇಕು. ನೀರು ಜಾಸ್ತಿಯಾದರೆ ಹರಳು ಕರಗಿ ತಿಕ್ಕುವ ಗುಣವೇ ಹೋಗುತ್ತದೆ. ಸೋಡಾದ ಹರಳು ಕಲೆಯನ್ನು ಕೆರೆಯುವಷ್ಟು ಗಟ್ಟಿ, ಗ್ಲೇಜನ್ನು ಕೆರೆಯಲಾರದಷ್ಟು ಮೆದು. ಹಾಗೇ ಮಾಡಿದೆ. ಕಪ್ ಬೆಳ್ಳಗಾಯಿತು, ಬೂದು ಗೆರೆಗಳೂ ಮುಕ್ಕಾಲು ಪಾಲು ಹೋದವು. ಅಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಗೆದ್ದವನ ಕಣ್ಣು ಪಕ್ಕದ ರಾಜ್ಯದ ಮೇಲೆ ಬೀಳುತ್ತದಲ್ಲ, ನನ್ನ ಕಣ್ಣು ಶೋಕೇಸಿನ ಟೀ ಪಾಟ್ ಮೇಲೆ ಬಿತ್ತು. ಅದು ನಮ್ಮ ಮದುವೆಗೆ ಅತ್ತೆ ಕೊಟ್ಟದ್ದು. ಗುಲಾಬಿ ಹೂವು, ಮುಚ್ಚಳಕ್ಕೆ, ಬಾಯಂಚಿಗೆ, ಮೂತಿಯ ತುದಿಗೆ ಚಿನ್ನದ ಗೆರೆ. ವರ್ಷಕ್ಕೊಮ್ಮೆ ಅತ್ತೆ ಬಂದಾಗ ಅದರಲ್ಲಿ ಟೀ ಹಾಕುತ್ತೇವೆ. ಅವರು ಹೋದ ಮೇಲೆ ಅರೆಬರೆ ತೊಳೆದು ಒಳಗಿಡುತ್ತೇವೆ. ಒಳಗೆಲ್ಲ ಕಂದು. ಮುಚ್ಚಳದ ಅಂಚಿನಲ್ಲೂ ಕಂದು. ಅದೇ ಸೋಡಾ, ಅದೇ ಬಟ್ಟೆ, ಅದೇ ಹುಮ್ಮಸ್ಸಿನಿಂದ ಮುಚ್ಚಳ ಹಿಡಿದು ಗರಗರ ತಿರುಗಿಸಿ ತಿಕ್ಕಿದೆ. ಕಲೆ ಹೋಯಿತು. ಬಟ್ಟೆ ಏನೋ ಹೊಳೆಯುತ್ತಿದೆಯಲ್ಲ ಎಂದು ನೋಡಿದರೆ, ಅದು ಮುಚ್ಚಳದ ಚಿನ್ನ.

ಗ್ಲೇಜನ್ನು ಸಾವಿರ ಡಿಗ್ರಿಗೂ ಮೇಲಿನ ಶಾಖದಲ್ಲಿ ಸುಟ್ಟಿರುತ್ತಾರೆ. ಚಿನ್ನದ ಗೆರೆ ಎಳೆಯುವುದು ಆಮೇಲೆ, ಗ್ಲೇಜಿನ ಮೇಲೆ. ಅದಕ್ಕೆ ಕೊಡುವ ಶಾಖ 700-800 ಡಿಗ್ರಿ ಅಷ್ಟೆ. ತಲೆಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಮೆದು ಲೋಹ, ಮೇಲೆ ಕಾಪಾಡಲು ಏನೂ ಇಲ್ಲ. ಗ್ಲೇಜಿಗೆ ಏನೂ ಮಾಡದ ಸೋಡಾ ಅದನ್ನು ಸಲೀಸಾಗಿ ಒರೆಸಿಬಿಡುತ್ತದೆ. ಗೆರೆಯಿರುವಲ್ಲಿ ಸೋಪುನೀರು, ಮೆತ್ತನೆ ಬಟ್ಟೆ, ಅದರಾಚೆ ಏನೂ ಕೂಡದು. ಮುಚ್ಚಳದಲ್ಲಿ ಉಳಿದದ್ದು ಕಾಲು ಗೆರೆ. ಆ ಭಾಗವನ್ನು ಎದುರಿಗೆ ತಿರುಗಿಸಿಟ್ಟರೆ ಪೂರ್ತಿ ಇದ್ದಂತೆಯೇ ಕಾಣುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಇನ್ನು ಮೂತಿ. ಟೀ ಪಾಟಿನ ಮೂತಿಗೆ ಒಳಗಿನಿಂದ ದಾರಿಯಿಲ್ಲ. ಸೊಪ್ಪು ತಡೆಯಲೆಂದು ಗೋಡೆಯಲ್ಲೇ ನಾಲ್ಕೈದು ಸಣ್ಣ ತೂತು ಬಿಟ್ಟಿರುತ್ತಾರೆ, ಬ್ರಷ್ ಅಲ್ಲಿಗೇ ನಿಲ್ಲುತ್ತದೆ. ಹೊರಗಿನಿಂದ ತೂರಿಸೋಣವೆಂದರೆ ಮೂತಿಗೆ ಹಂಸದ ಕತ್ತಿನ ಬಾಗು. ನಾನು ಪೊರಕೆ ಕಡ್ಡಿಗೆ ಬಟ್ಟೆ ಸುತ್ತಿ ತೂರಿಸಿದೆ. ಕಡ್ಡಿ ವಾಪಸು ಬಂತು. ಬಟ್ಟೆ ಬರಲಿಲ್ಲ. ಹೆಂಡತಿಯ ಹುಬ್ಬು ಕೀಳುವ ಚಿಮುಟ ತಂದು ಅದನ್ನು ಎಳೆಯುವ ಹೊತ್ತಿಗೆ ಚಿಮುಟದ ಒಡತಿಯೇ ಬಾಗಿಲಲ್ಲಿ ನಿಂತಿದ್ದಳು. ಅಲ್ಲಿ ನಡೆದ ಸಂಭಾಷಣೆ ಈ ಪತ್ರಿಕೆಯಲ್ಲಿ ಅಚ್ಚಾಗುವಂಥದ್ದಲ್ಲ.

ಇನ್ನು ತಿಕ್ಕುವ ಮಾತೇ ಇಲ್ಲ, ನೆನೆಹಾಕುವುದೇ ಎಂದು ತೀರ್ಮಾನಿಸಿ ಬಚ್ಚಲಿನ ಬ್ಲೀಚಿಂಗ್ ಪೌಡರ್ ಡಬ್ಬಿಗೆ ಕೈಹಾಕಿದೆ. ಜೊತೆಗೆ ಉಳಿದಿದ್ದ ಅರ್ಧ ನಿಂಬೆಹಣ್ಣನ್ನೂ ಹಿಂಡಿಬಿಡೋಣವೆಂದು ಎತ್ತಿಕೊಂಡೆ. ಯಾವತ್ತೂ ಕುರ್ಚಿ ಬಿಟ್ಟೇಳದ ಭಾವಮೈದ ಅವತ್ತು ಓಡಿ ಬಂದ. ಬ್ಲೀಚಿಗೆ ಹುಳಿ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ ಅದನ್ನು ಕುಡಿದರೆ ಆಸ್ಪತ್ರೆಯೇ ಗತಿ ಎಂದು ಎರಡನ್ನೂ ಕಿತ್ತುಕೊಂಡ. ಪಾಟನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇಲ್ನೋಡಿ," ಎಂದ. ಒಳಗಿನ ಕಂದಿನಲ್ಲಿ ಒಂದು ಭಾಗ ಬಲೆಯಂತೆ ಸಣ್ಣ ಗೆರೆಗಳು. ಉಗುರಿಗೆ ಸಿಗುವುದಿಲ್ಲ, ತಿಕ್ಕಿದರೆ ಅಲುಗುವುದಿಲ್ಲ. ಒಳಗಿನ ಮಣ್ಣೂ ಮೇಲಿನ ಗ್ಲೇಜೂ ಶಾಖಕ್ಕೆ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗದಿದ್ದಾಗ ಗ್ಲೇಜ್ ಹೀಗೆ ನವಿರಾಗಿ ಬಿರಿಯುತ್ತದೆ. ಬಿರುಕಿನಲ್ಲಿ ಟೀ ಇಳಿದು ಒಳಗಿನ ಮಣ್ಣಿಗೇ ಹಿಡಿಯುತ್ತದೆ. ಇಂಥದ್ದಕ್ಕೆ ಕ್ಲೋರಿನ್ ಬ್ಲೀಚ್ ಹಾಕಿದರೆ ಅದರ ಉಪ್ಪು ಮಣ್ಣಿನೊಳಗೆ ಉಳಿದು, ಒಣಗಿದಾಗ ಹರಳುಗಟ್ಟಿ, ಗ್ಲೇಜನ್ನೇ ಚಕ್ಕೆ ಎಬ್ಬಿಸಬಹುದು.

ಅವನು ಹೇಳಿದ ಮದ್ದು ಸೋಡಿಯಂ ಪರ್‌ಕಾರ್ಬೊನೇಟ್ ಎಂಬ ಬಿಳಿ ಪುಡಿ. ಬಟ್ಟೆಯ ಕಲೆ ತೆಗೆಯುವ ಆಕ್ಸಿಜನ್ ಬ್ಲೀಚ್ ಎಂದು ಸಿಗುತ್ತದೆ, ಬಣ್ಣ ಪರಿಮಳ ಸೇರಿಸದ್ದನ್ನೇ ನೋಡಿ ತರಬೇಕು. ನೀರಿಗೆ ಬಿದ್ದ ಕೂಡಲೇ ಅದು ಬಟ್ಟೆ ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಎಂದು ಒಡೆಯುತ್ತದೆ. ಸೋಡಾ ಕಲೆಯನ್ನು ಸಡಿಲ ಮಾಡುತ್ತದೆ, ಪೆರಾಕ್ಸೈಡ್ ಅದರ ಬಣ್ಣ ಕೆಡಿಸುತ್ತದೆ. ಕಪ್ಪಿಗೆ ಒಂದು ಟೀ ಚಮಚ, ಪಾಟಿಗೆ ಎರಡು; ಕುದಿಸಿ ಐದಾರು ನಿಮಿಷ ಆರಲು ಬಿಟ್ಟ ನೀರು, ಅರ್ಧ ಗಂಟೆ. ತಣ್ಣೀರಾದರೆ ಪುಡಿ ಸೋಮಾರಿಯಾಗುತ್ತದೆ. ಕೈಗೆ ಗ್ಲೌಸ್ ಇರಲಿ, ಆಮೇಲೆ ಚೆನ್ನಾಗಿ ಜಾಲಿಸಬೇಕು. "ಚಿನ್ನದ ಗೆರೆಗಿಂತ ಕೆಳಗೇ ನೀರು ನಿಲ್ಲಿಸಿ ಭಾವ. ಮುಚ್ಚಬೇಡಿ," ಎಂದು ಹೇಳಿ ಊರಿಗೆ ಹೋದ.

ಗೆರೆಗಿಂತ ಕೆಳಗೆ ನಿಲ್ಲಿಸಿದರೆ ಮೂತಿಯ ತುದಿಯವರೆಗೆ ನೀರು ಏರುವುದು ಹೇಗೆ? ಇದಕ್ಕೆ ನಾನೇ ಒಂದು ಉಪಾಯ ಕಂಡುಹಿಡಿದೆ. ಮೂತಿಯ ತುದಿಗೆ ಬಿರಡೆ ಒತ್ತಿ, ಕಂಠಪೂರ್ತಿ ತುಂಬಿ, ಶಾಖ ಉಳಿಯಲೆಂದು ಮುಚ್ಚಳವನ್ನೂ ಹಾಕಿ, ಊಟದ ಮೇಜಿನ ಮೇಲಿಟ್ಟು ಪೇಪರ್ ಓದುತ್ತ ಕೂತೆ. ಪೆರಾಕ್ಸೈಡ್ ಒಡೆದರೆ ಆಕ್ಸಿಜನ್ ಬರುತ್ತದೆ, ಅದಕ್ಕೆ ಹೋಗಲು ಜಾಗ ಬೇಕು. ಮುಚ್ಚಳದ ನಡುವಿನ ಸಣ್ಣ ತೂತಿನಿಂದ ಮೊದಲು ಒಂದು ಗುಳ್ಳೆ ಇಣುಕಿತು. ಆಮೇಲೆ ಕಂದು ನೊರೆಯ ಎಳೆ. ಆಮೇಲೆ ಮುಚ್ಚಳವೇ ಎದ್ದು ಪಕ್ಕಕ್ಕೆ ವಾಲಿ, ಉಳಿದ ಕಾಲು ಗೆರೆಯ ಮೇಲೆಲ್ಲ ನೊರೆ ಇಳಿದು, ಮೇಜಿನ ಪಾಲಿಷ್ ತಿನ್ನುತ್ತ ಹರಿಯಿತು. ಪಾಟಿನ ಒಳಗು ಮಾತ್ರ, ಸುಳ್ಳು ಹೇಳಬಾರದು, ಫಳಫಳ ಎನ್ನುತ್ತಿತ್ತು. ಮೂತಿಯ ಒಳಗೂ ಬಿಳಿ. ಬಲೆಗೆರೆಗಳು ತಿಳಿಯಾಗಿದ್ದವು, ಪೂರ್ತಿ ಹೋಗಿರಲಿಲ್ಲ. ಮಣ್ಣಿಗೆ ಇಳಿದದ್ದು ಒಂದೇ ಸಲಕ್ಕೆ ಬರುವುದಿಲ್ಲ.

ಹೆಂಡತಿಯ ಕಪ್ ಯಾಕೆ ಬಿಳಿ ಎಂಬ ಮೂಲಪ್ರಶ್ನೆ ಆಮೇಲೆ ಫೋನಿನಲ್ಲಿ ಬಗೆಹರಿಯಿತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸ್ಪಿರೊ ಮತ್ತು ಜಗನ್ಯಿ ಎಂಬಿಬ್ಬರು ಟೀ ಮೇಲೆ ಕಟ್ಟುವ ಕೆನೆಯನ್ನೇ ಸಂಶೋಧಿಸಿ 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್, ಟೀಯೊಳಗಿನ ಒಗರು, ಮೇಲಿನ ಗಾಳಿ, ಇಷ್ಟೂ ಸೇರಿದರೆ ಆ ತೆಳು ಪದರ ಹುಟ್ಟುತ್ತದೆ. ಟೀ ಇಳಿದಂತೆ ಅದು ಕಪ್ಪಿನ ಗೋಡೆಗೆ ಅಂಟುತ್ತ ಹೋಗುತ್ತದೆ. ನಮ್ಮದು ಬೆಂಗಳೂರಿನ ಅಪಾರ್ಟ್‌ಮೆಂಟು, ನಲ್ಲಿಯಲ್ಲಿ ಬರುವುದು ಬೋರ್‌ವೆಲ್ ನೀರು. ಹೇಗೂ ಕುದಿಸುತ್ತೇವಲ್ಲ, ಆರ್‌ಓ ನೀರು ಯಾಕೆ ದಂಡ ಎಂದು ನನ್ನ ಟೀಗೆ ನಾನು ನಲ್ಲಿ ನೀರನ್ನೇ ಇಡುತ್ತಿದ್ದೆ. ಶುಗರ್ ಬಂದ ಮೇಲೆ ಹಾಲನ್ನೂ ಬಿಟ್ಟಿದ್ದೆ. ಅರ್ಧ ಕುಡಿದು ಕಂಪ್ಯೂಟರಿನ ಪಕ್ಕ ಸಂಜೆಯವರೆಗೆ ಮರೆಯುವುದು ಬೇರೆ. ಅವಳದು ಆರ್‌ಓ ನೀರಿನ ಫಿಲ್ಟರ್ ಕಾಫಿ, ಮುಕ್ಕಾಲು ಪಾಲು ಹಾಲು. ಹಾಲಿನ ಪ್ರೋಟೀನು ಒಗರನ್ನು ಹಿಡಿದಿಟ್ಟುಕೊಳ್ಳುತ್ತದೆ, ಗೋಡೆಗೆ ಅಂಟಲು ಬಿಡುವುದಿಲ್ಲ. ಅದೂ ಬಿಸಿಯಿರುವಾಗಲೇ ಕುಡಿದು ಮುಗಿಸಿ, ಕಪ್ಪಿಗೆ ನೀರು ಹಾಕಿಟ್ಟೇ ಏಳುತ್ತಾಳೆ. ಈಗ ನಾನೂ ಆರ್‌ಓ ನೀರಿಗೆ ಬಂದಿದ್ದೇನೆ, ಮೇಲೆ ನಾಲ್ಕು ಹನಿ ನಿಂಬೆರಸ. ಹುಳಿ ಬಿದ್ದರೆ ಆ ಪದರ ಸರಿಯಾಗಿ ಕಟ್ಟುವುದೇ ಇಲ್ಲ.

ಮುಂದಿನ ತಿಂಗಳು ಅತ್ತೆ ಬಂದರು. ಟೀ ಪಾಟ್ ಮೇಜಿಗೆ ಬಂತು, ಪಾಲಿಷ್ ಹೋದ ಜಾಗವನ್ನು ಸರಿಯಾಗಿ ಮುಚ್ಚಿಕೊಂಡು ಕೂತಿತು. ಅತ್ತೆ ಕನ್ನಡಕ ಏರಿಸಿ ಮುಚ್ಚಳ ಎತ್ತಿ ನೋಡಿದರು.

"ಒಳಗೆ ಏನು ಚೊಕ್ಕಟವಾಗಿಟ್ಟಿದ್ದೀಯೇ! ಅಲ್ಲಾ, ಇದರ ಚಿನ್ನದ ಗೆರೆ ಎಲ್ಲಿ ಹೋಯ್ತು?"

"ನಿಮ್ಮ ಅಳಿಯಂದ್ರನ್ನ ಕೇಳಮ್ಮ," ಎಂದಳು ಇವಳು, ಸಕ್ಕರೆ ಡಬ್ಬಿ ತೆರೆಯುತ್ತ.

"ಬೋರ್‌ವೆಲ್ ನೀರು, ಅತ್ತೆ," ಎಂದೆ.