ಕಾಮೆಂಟ್ ಕುಮಾರ

ಕಾಮೆಂಟ್ ಕುಮಾರನನ್ನು ನೀವು ನೋಡಿರುತ್ತೀರಿ, ನಿಮ್ಮ ಕಡೆ ಹೆಸರು ಬೇರೆ ಇರಬಹುದು ಅಷ್ಟೆ. ಮೂವತ್ತರ ಆಸುಪಾಸು, ಕೈಯಲ್ಲಿ ಕೆಲಸ ಇದೆ, ಬೈಕಿನ ಇಎಂಐ ತೀರಿದೆ, ಮನೆಯವರು ಜಾತಕ ಹೊರಗೆ ತೆಗೆದಿದ್ದಾರೆ. ಮನಸ್ಸು ಮಾತ್ರ ಆಫೀಸಿನ ಇನ್ನೊಂದು ಟೀಮಿನ ಹುಡುಗಿಯ ಮೇಲಿದೆ. ಎದುರಿಗೆ ಸಿಕ್ಕಾಗ ‘ಕಾಫಿ ಆಯ್ತಾ?’ ದಾಟಿ ಒಂದು ಮಾತು ಆಡಿದವನಲ್ಲ. ಲಿಫ್ಟಿಗೆ ಅವಳು ಬಂದರೆ ಮಹಡಿಯ ನಂಬರು ಓದುತ್ತಾ ನಿಲ್ಲುತ್ತಾನೆ. ಅದೇ ಅವಳು ಇನ್‌ಸ್ಟಾಗ್ರಾಂನಲ್ಲಿ ಒಂದು ಫೋಟೊ ಹಾಕಲಿ, ಇವನೊಳಗಿನ ರಸಿಕ ಎದ್ದು ಪಂಚೆ ಕಟ್ಟಿಕೊಳ್ಳುತ್ತಾನೆ.

ಈ ಸಲ ಅವಳು ಹಾಕಿದ್ದು ಮುಳ್ಳಯ್ಯನಗಿರಿಯ ಫೋಟೊ. 1,930 ಮೀಟರ್ ಎತ್ತರ, ಮಂಜು, ಗಾಳಿಗೆ ಹಾರುತ್ತಿರುವ ದುಪಟ್ಟಾ. ಕುಮಾರ ಊಟ ಮುಗಿಸಿ ಹಾಸಿಗೆಯಲ್ಲಿ ಕರಡು ಶುರು ಮಾಡಿದ. ‘ಸೂಪರ್’ ಎಂದರೆ ಎಲ್ಲರೂ ಬರೆಯುವುದು. ‘ಚೆಂದ ಕಾಣ್ತೀರ’ ಎಂದರೆ ಧೈರ್ಯ ಜಾಸ್ತಿ. ಬರೆದ, ಅಳಿಸಿದ, ಮಗ್ಗುಲಾದ, ಮತ್ತೆ ಬರೆದ. ಮಧ್ಯರಾತ್ರಿ ಹೊತ್ತಿಗೆ ಕಾವ್ಯ ಸಿದ್ಧವಾಯಿತು: ‘ಬೆಟ್ಟ ಎಲ್ರೀ? ನನಗೆ ನೀವೊಬ್ರೇ ಕಾಣಿಸ್ತಿದೀರ.’ ಹಿಂದೆ ಕಣ್ಣಲ್ಲಿ ಹೃದಯವಿಟ್ಟುಕೊಂಡ ಹಳದಿ ಮುಖ ಒಂದು. ಕಳಿಸಿ, ಫೋನ್ ಎದೆಯ ಮೇಲಿಟ್ಟುಕೊಂಡು ಮಲಗಿದ.

ಸಾಲು ಕೆಟ್ಟದ್ದೇನಲ್ಲ. ಅವಳೊಬ್ಬಳಿಗೇ ಮೆಸೇಜು ಮಾಡಿದ್ದರೆ ನಗುತ್ತಿದ್ದಳೋ ಏನೋ. ಬೇಡವೆನಿಸಿದ್ದರೆ ‘ಹೌದು, ಸಿಕ್ಕಾಪಟ್ಟೆ ಮಂಜು’ ಎಂದು ಹವಾಮಾನದ ಕಡೆ ಮಾತು ತಿರುಗಿಸುತ್ತಿದ್ದಳು. ಇಬ್ಬರ ಮರ್ಯಾದೆಯೂ ಉಳಿಯುತ್ತಿತ್ತು.

ಬೆಳಗ್ಗೆ ಎದ್ದು ನೋಡಿದರೆ ಸಂತೆ ಸೇರಿದೆ. ಅವಳ ಚಿಕ್ಕಪ್ಪನ ಮಗ, ‘ಕಣ್ಣಿನ ಡಾಕ್ಟ್ರಿಗೆ ತೋರಿಸಿ ಬ್ರೋ’ ಎಂದು ಉತ್ತರಿಸಿದ್ದಾನೆ. ಮೂಲ ಕೃತಿಗಿಂತ ಆ ವಿಮರ್ಶೆಗೇ ಹೆಚ್ಚು ಲೈಕು. ಅವಳ ಗೆಳತಿಯರು ಮೂವರು ಒಂದೇ ಬಗೆಯ ನಗುಮುಖ ಹಾಕಿ ಹೋಗಿದ್ದಾರೆ. ಅಂದರೆ ಬೇರೆಲ್ಲೋ ಈಗಾಗಲೇ ಚರ್ಚೆ ಆಗಿದೆ. ಟೀಮ್ ಲೀಡು ಹೆಬ್ಬೆರಳು ಎತ್ತಿದ್ದಾನೆ. ಎಲ್ಲಕ್ಕಿಂತ ಕೆಳಗೆ ಶಿವಮೊಗ್ಗದ ಅತ್ತೆ: ‘ಯಾರಮ್ಮಾ ಈ ಹುಡುಗ? ಯಾವ ಕಡೆಯವರು?’

‘ಅಷ್ಟೊಂದು ಕಾಮೆಂಟಿನ ಮಧ್ಯೆ ಇವರಿಗೆಲ್ಲ ನಂದೇ ಹೆಂಗ್ ಕಾಣ್ಸುತ್ತೆ ಸಾರ್?’ ಎಂದು ಕುಮಾರ ನನ್ನನ್ನು ಕೇಳಿದ. ಕಾಣಿಸುವ ಹಾಗೇ ಅದನ್ನು ಮಾಡಿಟ್ಟಿದ್ದಾರೆ. ಕಾಮೆಂಟುಗಳು ಬರೆದ ಕ್ರಮದಲ್ಲಿ ಸಾಲಾಗಿ ನಿಲ್ಲುವುದಿಲ್ಲ. ನೋಡುವವರು ಯಾರನ್ನು ಫಾಲೋ ಮಾಡುತ್ತಾರೋ ಅವರ ಮಾತು ಸಾಮಾನ್ಯವಾಗಿ ಮೇಲಕ್ಕೆ ಬರುತ್ತದೆ. ಟೀಮ್ ಲೀಡು ತೆರೆದರೆ ಅವನಿಗೆ ಕುಮಾರ ಮೊದಲು, ಕುಮಾರನ ಸ್ವಂತ ತಂಗಿ ತೆರೆದರೆ ಅವಳಿಗೂ ಕುಮಾರ ಮೊದಲು. ಯಾರೆಂದು ಗೊತ್ತಿಲ್ಲದ ಜನರ ಕಣ್ಣು ತಪ್ಪಿಸಬಹುದು. ದೀಪಾವಳಿಗೆ ಮನೆಗೆ ಬರುವವರ ಕಣ್ಣು ತಪ್ಪಿಸುವುದು ಕಷ್ಟ.

ಟ್ವಿಟರ್ ಬಳಸುವವರ ಬಗ್ಗೆ ಆಲಿಸ್ ಮಾರ್ವಿಕ್ ಮತ್ತು ಡಾನಾ ಬಾಯ್ಡ್ ಎಂಬ ಇಬ್ಬರು ಸಂಶೋಧಕಿಯರು 2011ರಲ್ಲಿ ಒಂದು ಲೇಖನ ಪ್ರಕಟಿಸಿದರು. ಬರೆಯುವವರ ತಲೆಯಲ್ಲಿ ಒಬ್ಬ ಕೇಳುಗ ಇರುತ್ತಾನೆ, ಎದುರಿಗೆ ನಿಜವಾಗಿ ಇರುವವರು ಬೇರೆ. ಅಪ್ಪ, ಬಾಸು, ಗೆಳೆಯ ಎಂದು ಬೇರೆಬೇರೆ ಕೋಣೆಗಳಲ್ಲಿ ಇರಬೇಕಾದವರೆಲ್ಲ ಅಲ್ಲಿ ಗೋಡೆ ಬಿದ್ದು ಒಂದೇ ಹಜಾರಕ್ಕೆ ಬಂದಿರುತ್ತಾರೆ ಎಂಬುದು ಅದರ ಸಾರ. ಕುಮಾರನ ತಲೆಯಲ್ಲಿ ಕೇಳುವವಳು ಇದ್ದದ್ದು ಒಬ್ಬಳೇ, ಅದೂ ದುಪಟ್ಟಾ ಹಾರಿಸುತ್ತಾ. ಶಿವಮೊಗ್ಗದ ಅತ್ತೆ ಅಲ್ಲಿ ಎಲ್ಲೂ ಇರಲಿಲ್ಲ.

ಕಾಲೆಳೆಸಿಕೊಂಡವನು ತಾನೊಬ್ಬನೇ ಎಂದು ಕುಮಾರ ತಿಳಿದಿದ್ದಾನೆ. ಆ ಹುಡುಗಿಯ ಪಾಡು ಅವನಿಗೆ ಹೊಳೆದೇ ಇಲ್ಲ. ಅವಳು ನಕ್ಕು ಉತ್ತರಿಸಿದರೆ ಅತ್ತೆ ಅದನ್ನು ನಿಶ್ಚಿತಾರ್ಥ ಎಂದುಕೊಳ್ಳುತ್ತಾರೆ. ಸುಮ್ಮನಿದ್ದರೆ ಆಫೀಸಿನವರು ‘ಪಾಪ ಹುಡುಗ’ ಎನ್ನುತ್ತಾರೆ. ಗದರಿದರೆ ‘ಏನ್ ಜಂಬಾನಪ್ಪ’. ತನ್ನ ಫೋಟೊದ ಕೆಳಗೆ ತಾನೇ ಸಿಕ್ಕಿಬಿದ್ದ ಅವಳು ಕೊನೆಗೆ ಎಲ್ಲರಿಗೂ ಒಟ್ಟಾಗಿ ಒಂದು ‘ಥ್ಯಾಂಕ್ಯೂ’ ಹಾಕಿ ಕೈ ತೊಳೆದುಕೊಂಡಳು. ಕುಮಾರ ಆ ಥ್ಯಾಂಕ್ಯೂನಲ್ಲಿ ತನ್ನ ಪಾಲು ಎಷ್ಟು ಎಂದು ಲೆಕ್ಕ ಹಾಕುತ್ತಾ ಮಧ್ಯಾಹ್ನದ ಮೀಟಿಂಗು ಕಳೆದ. ಸಂಜೆ ಕಾಮೆಂಟು ಅಳಿಸಿದ. ಅದರ ಜೊತೆ ಕಣ್ಣಿನ ಡಾಕ್ಟರೂ ಹೋದರು. ಸ್ಕ್ರೀನ್‌ಶಾಟು ಹೋಗಲಿಲ್ಲ.

ಹತ್ತು ಜನರೆದುರು ಸರಸವಾಡುವುದು ನಮ್ಮವರಿಗೆ ಹೊಸದೇನಲ್ಲ. ಹುಬ್ಬಳ್ಳಿ-ಧಾರವಾಡದ ಕಡೆ ಮದುವೆಗೆ ಹೋದರೆ ಒಡಪು ಕೇಳಬಹುದು. ಹೆಸರು ಹೇಳದೆ ಒಳಗೆ ಬಿಡೆವು ಎಂದು ಹೆಂಗಸರು ಹೊಸ ಜೋಡಿಯನ್ನು ಬಾಗಿಲಲ್ಲೇ ತಡೆಯುತ್ತಾರೆ. ಗಂಡ-ಹೆಂಡಿರು ಪ್ರಾಸ ಕೂಡಿಸಿ, ಅದರೊಳಗೆ ಒಬ್ಬರ ಹೆಸರನ್ನು ಇನ್ನೊಬ್ಬರು ಹೊಸೆದು ಹೇಳಬೇಕು. ಗುಲಾಬಿ, ಸಕ್ಕರೆ, ಚಂದ್ರ ಎಲ್ಲ ಅಲ್ಲಿ ಧಾರಾಳ. ಯಾರಿಗೂ ಮುಜುಗರವಾಗುವುದಿಲ್ಲ, ಯಾಕೆಂದರೆ ಹೇಳು ಎಂದು ಕಾಡುವವರೇ ಸಭೆಯವರು, ಅವರೆಲ್ಲ ಕಣ್ಣೆದುರಿಗೇ ಕೂತಿದ್ದಾರೆ, ಮೇಲಾಗಿ ಸರದಿ ಇಬ್ಬರಿಗೂ ಬರುತ್ತದೆ. ನಮ್ಮ ಕುಮಾರನದು ಯಾರೂ ಕೇಳದೆ ಹೇಳಿದ ಒಡಪು. ತಾಳಿ ಇನ್ನೂ ಅಕ್ಕಸಾಲಿಗನ ಹತ್ತಿರವೂ ಹೋಗಿಲ್ಲ.

ಇಷ್ಟಾದ ಮೇಲೆ ಈ ಜಾತಿಯವರು ಎರಡನೇ ಅವತಾರ ಎತ್ತುತ್ತಾರೆ. ಸಭೆಗೆ ಹೆದರಿ ಸಭ್ಯರಾಗುತ್ತಾರೆ. ಮುಂದಿನ ಫೋಟೊಗೆ ಕುಮಾರ ಬರೆದದ್ದು: ‘ಉತ್ತಮ ಛಾಯಾಚಿತ್ರ ಮೇಡಂ. ತಮ್ಮ ಪ್ರವಾಸ ಸುಖಕರವಾಗಿರಲಿ.’ ಅದನ್ನು ಓದಿದರೆ ಸಹಕಾರಿ ಬ್ಯಾಂಕಿನ ಕಾರ್ಯದರ್ಶಿ ನಿವೃತ್ತಿಯ ದಿನ ಮಾತಾಡಿದ ಹಾಗಿತ್ತು. ಅತ್ತೆ ಅದಕ್ಕೊಂದು ಲೈಕ್ ಕೊಟ್ಟರು. ಹುಡುಗಿ ಕೊಡಲಿಲ್ಲ.

ಅದೇ ಫೋಟೊಗೆ ಅವಳ ಟೀಮಿನ ಒಬ್ಬ ಮಿತಭಾಷಿ, ‘ಬೂಟು ಉಳೀತಾ?’ ಎಂದು ಮಾತ್ರ ಬರೆದಿದ್ದ. ಅವಳು ನಿಮಿಷದೊಳಗೆ, ‘ಒಂದು ಉಳೀತು’ ಎಂದಳು. ಕುಮಾರ ಅದನ್ನು ನನಗೆ ತೋರಿಸಿ, ‘ಇದರಲ್ಲೇನಿದೆ ಸಾರ್? ಬೂಟಿನ ವಿಷಯ’ ಎಂದ. ಅತ್ತೆಗೂ ಬೂಟೇ ಕಾಣಿಸಿತು, ಚಿಕ್ಕಪ್ಪನ ಮಗನಿಗೂ ಬೂಟೇ. ಹಿಂದೊಮ್ಮೆ ಆ ಇಬ್ಬರ ನಡುವೆ ಬೂಟಿನ ಬಗ್ಗೆ ಏನೋ ನಗು ಆಗಿರಬೇಕು, ಅದು ಏನೆಂದು ನನಗೂ ತಿಳಿಯಲಿಲ್ಲ. ಅವಳು ಉತ್ತರಿಸದೆ ಬಿಟ್ಟಿದ್ದರೂ ಅವನಿಗೆ ಅವಮಾನವಿಲ್ಲ. ಬೂಟಿನ ಯೋಗಕ್ಷೇಮ ವಿಚಾರಿಸಿದ ಸಜ್ಜನನಾಗಿಯೇ ಉಳಿಯುತ್ತಿದ್ದ. ಆದರೆ ಆ ಬೂಟನ್ನು ಕುಮಾರ ನಕಲು ಮಾಡಲಾರ. ಅದಕ್ಕೆ ಮೊದಲು ಲಿಫ್ಟಿನಲ್ಲಿ ಎರಡು ಮಾತು ಆಡಿರಬೇಕು.

ಮೊನ್ನೆ ಸಿಕ್ಕಾಗ ಮುಖ ಅರಳಿತ್ತು. ಮತ್ತೆ ಹಳೆಯ ಧಾಟಿಗೆ ಮರಳಿದ್ದಾನಂತೆ, ಚಂದ್ರ, ತಾರೆ, ಹೃದಯದ ಕಣ್ಣು ಎಲ್ಲ. ‘ಈಗ ನೋಡಿ ಸಾರ್, ಎರಡು ತಿಂಗಳಿಂದ ಒಬ್ಬರೂ ಕಾಲೆಳೆದಿಲ್ಲ. ಅವಳ ಕಸಿನ್ ಕೂಡ ತಣ್ಣಗಿದ್ದಾನೆ. ಟೋನು ಸಿಕ್ಕಿಬಿಟ್ಟಿದೆ.’ ತನ್ನ ಫೋನಿನಲ್ಲಿ ತೋರಿಸಿದ. ಇತ್ತು, ನಾಲ್ಕು ಸಾಲು, ಪ್ರಾಸಬದ್ಧ.

ಇನ್‌ಸ್ಟಾಗ್ರಾಂನಲ್ಲಿ 2019ರಿಂದ Restrict ಎಂಬ ಒಂದು ಸೌಲಭ್ಯವಿದೆ. ಅದನ್ನು ಒಬ್ಬರ ಮೇಲೆ ಹಾಕಿದರೆ ಅವರು ಮುಂದೆ ಬರೆದದ್ದೆಲ್ಲ ಅವರಿಗೆ ಮಾತ್ರ ಕಾಣುತ್ತದೆ. ಪೋಸ್ಟಿನ ಒಡತಿ ಬೇಕೆಂದರೆ ಒತ್ತಿ ನೋಡಬಹುದು, ಮಿಕ್ಕವರಿಗೆ ಅವಳು ಒಪ್ಪುವ ತನಕ ಇಲ್ಲ. ಹಾಗೆ ಹಾಕಿದ್ದೇವೆಂದು ಆ ಮನುಷ್ಯನಿಗೆ ತಿಳಿಸುವುದಿಲ್ಲ.

ಅವನು ನೀರು ಕುಡಿಯಲು ಎದ್ದಾಗ ನನ್ನ ಫೋನಿನಲ್ಲಿ ಅದೇ ಫೋಟೊ ತೆರೆದೆ. ಬೂಟಿನವನು ಇದ್ದ, ಅತ್ತೆ ಇದ್ದರು.

‘ಹೆಂಗಿದೆ ಸಾರ್ ಸಾಲು?’ ಎಂದ ವಾಪಸು ಬಂದು.

‘ಯಾರೂ ತಪ್ಪು ಹುಡುಕೋ ಹಾಗಿಲ್ಲಪ್ಪ’ ಎಂದೆ.