ದೇವರಿಗೆ ಯಾವ ಕಂಪನಿ ಊದಿನಕಡ್ಡಿ ಸೇರ್ತದ್ರಿ?

ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಗೆ ಹೋಗುವವರಿಗೂ ಹೂ ಬೇಕು, ಬಂದೇನವಾಜ್ ದರ್ಗಾಕ್ಕೆ ಹೋಗುವವರಿಗೂ ಹೂ ಬೇಕು. ಕೊಂಡವರಿಗೆ ದೇವರ ಹೆಸರು ನೆನಪಿರುತ್ತದೆಯೇ ಹೊರತು ಅಂಗಡಿಯ ಹೆಸರಲ್ಲ. ವ್ಯಾಪಾರಿಗಳ ಸಂಕಟ ಅದೇ. ಅದಕ್ಕೇ ಈಗ ಅವರ ಕಣ್ಣು ಯೂಟ್ಯೂಬಿನ ಭಜನೆ ಚಾನೆಲ್‌ಗಳ ಮೇಲೆ ಬಿದ್ದಿದೆ.

ಕಮಲಾಪುರದ ನಮ್ಮ ಅಳಿಯನದೂ ಅಂಥದೊಂದು ಚಾನೆಲ್. ಸೋಮವಾರ ವಚನ, ಅಮಾವಾಸ್ಯೆಗೆ ಭಜನೆ, ಜಾತ್ರೆ ಬಂದರೆ ಲೈವ್. ಒಂದು ದಿನ ಊದಿನಕಡ್ಡಿ ವ್ಯಾಪಾರಿಯೊಬ್ಬರು ಬಂದು ಕೂತರು. “ತಮ್ಮಾ, ರೊಕ್ಕಾನೂ ಕೊಡ್ತೀನಿ, ಡಬ್ಬೀನೂ ಕೊಡ್ತೀನಿ. ‘ಅಪ್ಪಾಗ ಭಾಳ ಸೇರೂ ಊದಿನಕಡ್ಡಿ’ ಅಂತ ಒಂದೇ ಮಾತು ಹೇಳು, ಸಾಕು.”

“ಯಾಕ್ರಿ ಸಾಹುಕಾರ್ರ, ಅಪ್ಪ ನಿಮಗ ಫೋನ್ ಮಾಡಿ ಹೇಳ್ಯಾನೇನ್ರಿ?” ಅಂದೆ ನಾನು.

ಅವರು ನಕ್ಕರು, ಆದರೆ ಮಾತು ಬಿಡಲಿಲ್ಲ. ನನ್ನ ತಕರಾರು ರೊಕ್ಕದ ಮೇಲಲ್ಲ. ತಬಲಾದವನಿಗೂ ಕೂಲಿ ಬೇಕು, ಕ್ಯಾಮೆರಾಕ್ಕೂ ಬ್ಯಾಟರಿ ಬೇಕು. ಹೊಗಳಿಕೆ ಯಾರ ಬಾಯಿಂದ ಬರುತ್ತದೆ ಅನ್ನುವುದೇ ಪ್ರಶ್ನೆ. ವಾಸನೆ ಹೇಗಿದೆ, ಡಬ್ಬಿಗೆ ಎಷ್ಟು ಕಡ್ಡಿ, ಅಂಗಡಿ ಎಲ್ಲಿ: ಇಷ್ಟನ್ನು ಅಳಿಯ ತನ್ನ ಬಾಯಿಂದ ಹೇಳಲಿ. ದೇವರ ಬಾಯಿಂದ, ಸ್ವಾಮಿಗಳ ಬಾಯಿಂದ ಹೇಳಿಸುವುದು ಬೇಡ. ‘ಹಚ್ಚಿದರೆ ಸಕ್ಕರೆ ಕಾಯಿಲೆ ಇಳೀತದ’ ಅಂತ ಬಾಯಿತಪ್ಪಿಯೂ ಬರಕೂಡದು. ಮಂತ್ರ, ತಾಯಿತಗಳಿಂದ ರೋಗ ವಾಸಿಯಾಗುತ್ತದೆ ಎಂದು ಜಾಹೀರಾತು ಮಾಡುವುದನ್ನು 1954ರ ಕಾಯ್ದೆಯೇ ತಡೆದಿದೆ. ಹೊಗೆಗೆ ಬೇರೆ ರಿಯಾಯಿತಿ ಯಾಕೆ?

“ಹಂಗಾದ್ರ ಜಾಹೀರಾತು ಅನ್ನಬ್ಯಾಡ, ‘ಧೂಪ ಸೇವಾ’ ಅನ್ನು” ಅಂದರು ಸಾಹುಕಾರರು. ಜಾಣರು! ಗುಡಿಯಲ್ಲಿ ಟ್ಯೂಬ್‌ಲೈಟಿನ ಮೇಲೆ ಕೊಟ್ಟವರ ಹೆಸರು ಬೆಳಕೇ ಕಾಣದಷ್ಟು ದಪ್ಪಗೆ ಬರೆದಿರುತ್ತದಲ್ಲ, ಅದರಲ್ಲೂ ಒಂದು ಪ್ರಾಮಾಣಿಕತೆ ಇದೆ: ಯಾರು ಕೊಟ್ಟರು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ರೊಕ್ಕ ಇಸಿದುಕೊಂಡು ಸೇವೆ ಅಂದರೆ ಅಷ್ಟೂ ಉಳಿಯುವುದಿಲ್ಲ. ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ, ಇಸಿದುಕೊಂಡದ್ದನ್ನು ಮುಚ್ಚಿಡಬಾರದೆಂದು ಬಿಡಿಸಿ ಹೇಳಿವೆ. ರೊಕ್ಕವೇ ಆಗಬೇಕೆಂದಿಲ್ಲ, ಪುಕ್ಕಟೆ ಡಬ್ಬಿ ಇಸಿದುಕೊಂಡರೂ ಅದು ವ್ಯಾಪಾರದ ಸಂಬಂಧವೇ. ಅದನ್ನು ನೋಡುಗರಿಗೆ ವಿಡಿಯೊದ ಭಾಷೆಯಲ್ಲೇ ತಿಳಿಸಬೇಕು. ಅಂದರೆ ಜಾತ್ರೆಯ ದಿನ ಹೂವಿನಾಕೆ ಮಂಟಪಕ್ಕೆ ಮಾರುಗಟ್ಟಲೆ ಸೇವಂತಿಗೆ ಬಿಟ್ಟಿ ಕೊಟ್ಟು, ಅಳಿಯ ಆಕೆಯ ಅಂಗಡಿಯ ಹೆಸರೆತ್ತಿದರೆ ಅದೂ ಜಾಹೀರಾತೇ. ಪ್ರೀತಿಯಿಂದ ಕೊಟ್ಟದ್ದು ಅನ್ನುವ ನೆಪ ನಡೆಯುವುದಿಲ್ಲ.

“ಯೂಟ್ಯೂಬಿನ್ಯಾಗ ‘ಪೇಯ್ಡ್ ಪ್ರಮೋಷನ್’ ಅಂತ ಟಿಕ್ ಹಾಕ್ತೀನಲ್ಲ ಮಾವ, ಅದು ಸಾಲಂಗಿಲ್ಲೇನು?” ಅಂದ ಅಳಿಯ. ಅದನ್ನು ಹಾಕಲೇಬೇಕು, ಆದರೆ ಆ ಸೂಚನೆ ಶುರುವಿನಲ್ಲಿ ಹತ್ತು ಸೆಕೆಂಡು ಕಂಡು ಮಾಯವಾಗುತ್ತದೆ. ನಲವತ್ತು ನಿಮಿಷದ ಭಜನೆಯಲ್ಲಿ ಊದಿನಕಡ್ಡಿಯ ಮಾತು ಇಪ್ಪತ್ತನೆಯ ನಿಮಿಷಕ್ಕೆ ಬಂದರೆ, ಅಷ್ಟರಲ್ಲಿ ಅದನ್ನು ನೋಡಿದವರೇ ಮರೆತಿರುತ್ತಾರೆ. ಮಂಡಳಿಯ ಪ್ರಕಾರ ಎರಡು ನಿಮಿಷ ಮೀರಿದ ವಿಡಿಯೊದಲ್ಲಿ ಆ ವಸ್ತುವಿನ ಮಾತು ನಡೆಯುವಷ್ಟು ಹೊತ್ತೂ ‘ಜಾಹೀರಾತು’ ಎಂಬ ಪಟ್ಟಿ ಕಾಣಬೇಕು. ಲೈವ್‌ಗೆ ಇಲಾಖೆ ಇನ್ನೂ ಬಿಗಿ: ಶುರುವಿನಿಂದ ಕೊನೆಯತನಕ ಪಟ್ಟಿ ಇರಬೇಕು. ತೇರು ಎಳೆಯುವಾಗಲೂ ಮೂಲೆಯಲ್ಲಿ ‘ಜಾಹೀರಾತು’ ಅಂತ ಕೂತಿದ್ದರೆ ಚಂದವೇ? ಚಂದವಲ್ಲ. ಅದಕ್ಕೇ ನನ್ನ ಸಲಹೆ: ಲೈವ್‌ನಲ್ಲಿ ಪ್ರಾಯೋಜಕರೇ ಬೇಡ. ಭಜನೆಯ ವಿಡಿಯೊದಲ್ಲಿ ಹಾಡು ಶುರುವಾಗುವ ಮೊದಲೇ ಅಂಗಡಿಯ ಮಾತು ಮುಗಿಸು. ಆರತಿಯ ಹೊತ್ತಿಗೆ ಡಬ್ಬಿ ಗದ್ದುಗೆಯ ಹತ್ತಿರ ಕಾಣಕೂಡದು.

ಇನ್ನು ಹೊಗಳುವ ಮೊದಲು ಡಬ್ಬಿಯನ್ನು ಓದಬೇಕು. ತಯಾರಿಸಿದವರ ವಿಳಾಸ, ಗರಿಷ್ಠ ಮಾರಾಟ ಬೆಲೆ, ತೂಕ ಅಥವಾ ಕಡ್ಡಿಗಳ ಲೆಕ್ಕ, ತಯಾರಾದ ತಿಂಗಳು, ವರ್ಷ ಇಲ್ಲದಿದ್ದರೆ ಅಲ್ಲಿಗೇ ನಮಸ್ಕಾರ. ಇದ್ದರೆ ಮನೆಯ ಕಿಟಕಿ ತೆಗೆದು ಹಚ್ಚಿ ನೋಡು. ಕಣ್ಣು ಉರಿದರೆ, ಅಜ್ಜಿ ಕೆಮ್ಮಿದರೆ, ಭಕ್ತರಿಗೆ ಹೇಳಬೇಡ. ‘ಮಲ್ಲಿಗೆ’ ಅಂತ ಬರೆದಿದ್ದರೆ ಮಲ್ಲಿಗೆ ಹೂವನ್ನೇ ಹಾಕಿದ್ದಾರೋ, ಮಲ್ಲಿಗೆ ವಾಸನೆಯ ಎಣ್ಣೆಯೋ ಕೇಳು. ಎಣ್ಣೆಯಾದರೆ ‘ಹೂವಿನಿಂದ ಮಾಡಿದ್ದು’ ಅನ್ನುವ ಮಾತನ್ನು ಬಿಡು. ಹೀಗೆ ಪರೀಕ್ಷಿಸಿದ್ದನ್ನು ಬರೆದಿಟ್ಟುಕೋ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಕಾಯ್ದೆಯಲ್ಲಿ ಹೊಗಳಿದವನಿಗೂ ಮೊದಲ ಸಲವೇ ಹತ್ತು ಲಕ್ಷದತನಕ ದಂಡ ಇದೆ. ಮೊದಲೇ ವಿಚಾರಿಸಿ ನೋಡಿದ್ದೇನೆಂದು ತೋರಿಸಿದರೆ ಪಾರಾಗಬಹುದು.

ಹೂವಿನದು ಬೇರೆ ತಲೆನೋವು. ವಿಡಿಯೊದಲ್ಲಿ ಬೆಲೆ ಹೇಳಲೇಬಾರದು. ಇವತ್ತಿನ ಮಾರಿನ ಬೆಲೆ ಶ್ರಾವಣ ಸೋಮವಾರಕ್ಕೆ ಇರುವುದಿಲ್ಲ. ಹಳೇ ವಿಡಿಯೊ ನೋಡಿ ಬಂದ ಅಕ್ಕ ಜಗಳ ತೆಗೆಯುವುದು ಹೂವಿನಾಕೆಯ ಜೊತೆ, ಬೈಯುವುದು ಮಾತ್ರ ಚಾನೆಲ್ಲಿಗೆ.

ಎಲ್ಲಾ ಕೇಳಿ ಸಾಹುಕಾರರು ಬೇಸರದಿಂದ, “ಇಷ್ಟೆಲ್ಲಾ ಕಟ್ಟು ಹಾಕಿದ ಮ್ಯಾಲೆ ರೊಕ್ಕಾ ಕಡಿಮಿ ಮಾಡ್ರಿ” ಅಂದರು. ಅಳಿಯ ಮೊದಲು ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಲು ಕನ್ನಡಕ ಕೇಳಿದ.