ಚಾರ್ಲಿ ಮಾವ

ನಮ್ಮ ಬೀದಿಯ ಮಕ್ಕಳಿಗೆಲ್ಲ ಅವರು ಚಾರ್ಲಿ ಮಾವ. ಸ್ವಂತ ಹೆಸರು ಬೇರೆಯೇ ಇದೆ. ಕೇಳಿದರೆ ಹೇಳುತ್ತಾರೆ, ಆದರೆ ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಾರೆ, ಹಾಗಾಗಿ ಯಾರೂ ಕೇಳುವುದಿಲ್ಲ. ವಾಯುಪಡೆಯಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದು ನಿವೃತ್ತರಾದವರು. ಗ್ಯಾಸ್ ಬುಕಿಂಗ್ ಇರಲಿ, ಬ್ಯಾಂಕ್ ಇರಲಿ, ಫೋನ್ ಬಂದರೆ ಎದ್ದು ನಿಂತು, ಅಂಗಿಯ ಗುಂಡಿ ಹಾಕಿಕೊಂಡೇ ಮಾತು.

ಉಳಿದ ನಾವೆಲ್ಲ ‘ಎ ಫಾರ್ ಆ್ಯಪಲ್’ ಪಂಗಡದವರು. ಬಿ ಎಂದರೆ ಬಾಂಬೆ, ಡಿ ಎಂದರೆ ಡೆಲ್ಲಿ, ಅಲ್ಲಿಯವರೆಗೆ ಪ್ರಯಾಣ ಸುಖಕರ. ವಿ ಬಂದಾಗ ಮಾತ್ರ ಏನೂ ಹೊಳೆಯದೆ “ವಿ ಫಾರ್... ವಿ ಫಾರ್... ವೀನೇ ರೀ!” ಎಂದು ಬೆವರುತ್ತೇವೆ. ಅವಸರದಲ್ಲಿ ‘ಕೆ ಫಾರ್ ನೈಫ್’ ಎಂದು ಹೇಳಿ, ಆ ಕಡೆಯವರು ಎನ್ ಬರೆದುಕೊಂಡರೆಂದು ಸಿಟ್ಟಾದವರೂ ನಮ್ಮಲ್ಲಿದ್ದಾರೆ. ಇಂಥದ್ದು ಕಿವಿಗೆ ಬಿದ್ದರೆ ಚಾರ್ಲಿ ಮಾವನ ಬಿ.ಪಿ. ಏರುತ್ತದೆ.

“ಫೋನಿಗೆ ಎಲ್ಲ ಸದ್ದೂ ಹಿಡಿಸೋದಿಲ್ಲಪ್ಪ” ಎಂದು ಪಾಠ ಶುರು. ಹಳೆಯ ಟೆಲಿಫೋನ್ ಲೈನು ಸಾಗಿಸುವುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ. ಎಸ್ ಅಕ್ಷರದ ‘ಸ್ಸ್’ ಇದೆಯಲ್ಲ, ಅದರ ಹೆಚ್ಚಿನ ಪಾಲು ಅದಕ್ಕೂ ಮೇಲೆ. ಅದು ದಾರಿಯಲ್ಲೇ ಕತ್ತರಿಸಿ ಹೋದರೆ ಎಸ್ಸೂ ಎಫ್ಫೂ ಅವಳಿ ಮಕ್ಕಳು. ಎಮ್ಮು ಎನ್ನು ಮೊದಲಿಂದಲೂ ಹಾಗೆಯೇ. ಬಿ, ಡಿ, ಪಿ, ಟಿ, ವಿ ಎಲ್ಲದರ ಬಾಲವೂ ‘ಈ’. ತಲೆ ಹಾರಿದರೆ ಯಾರು ಯಾರೆಂದು ಗೊತ್ತಾಗದು. ಈಗಿನ 4ಜಿ ಕರೆಗಳು ಎಷ್ಟೋ ವಾಸಿ, ಆದರೆ ಎರಡೂ ತುದಿಯಲ್ಲಿ ಅದೇ ಸೌಲಭ್ಯವಿದ್ದು, ಪಕ್ಕದಲ್ಲಿ ಮಿಕ್ಸಿ ತಿರುಗದಿದ್ದರೆ.

ಈ ಗೊಂದಲಕ್ಕೆ ಮಾವನ ಮದ್ದು ಆಲ್ಫಾ, ಬ್ರಾವೊ, ಚಾರ್ಲಿ ಪಟ್ಟಿ. ಅದು ವಿಮಾನಯಾನಕ್ಕೆಂದು ಸಿದ್ಧವಾಗಿ, ಈಗಿರುವ ರೂಪದಲ್ಲಿ 1956ರಲ್ಲಿ ಜಾರಿಗೆ ಬಂತು. ಅದಕ್ಕೆ ಹಿಂದಿನ ಪಟ್ಟಿಯಲ್ಲಿ ಎನ್ನಿಗೆ ‘ನೆಕ್ಟರ್’ ಇತ್ತು. ಗದ್ದಲದಲ್ಲಿ ಅದು ‘ವಿಕ್ಟರ್’ ಎಂದು ಕೇಳಿಸುತ್ತಿತ್ತು. ಮಕರಂದವನ್ನು ಕಿತ್ತು ಹಾಕಿ ನವೆಂಬರ್ ತಂದರು. “ಅರ್ಧ ಕೇಳಿದ್ರೂ ಸಾಕು. ‘ವೆಂಬರ್’ ಅಂದ್ರೆ ಇನ್ನೇನಿರುತ್ತೆ ಆ ಪಟ್ಟೀಲಿ?” ಎಂದು ಮಾವ ಹೆಮ್ಮೆಯಿಂದ ಕೇಳುತ್ತಾರೆ, ತಾವೇ ಕಿತ್ತು ಹಾಕಿದಂತೆ.

ಮಾವನಿಗೆ ಇಷ್ಟು ವಿದ್ಯೆಯಿದ್ದೂ ಅವರ ಹೆಂಡತಿ ಸುನಂದತ್ತೆಯ ಆರೋಗ್ಯ ವಿಮೆಯ ಕಾರ್ಡು ‘ಫುಮಂಡಾ’ ಎಂಬ ಹೆಸರಿನಲ್ಲಿ ಬಂತು. ಎಸ್ ಎಫ್ ಆಗಿತ್ತು, ಮೊದಲ ಎನ್ ಎಮ್ ಆಗಿತ್ತು. ಎರಡನೆಯದು ಹೇಗೋ ಬಚಾವಾಗಿತ್ತು. ಫಾರ್ಮನ್ನು ಫೋನಿನಲ್ಲಿ ಹೇಳಿ ತುಂಬಿಸಿದವನು ಮಗ, ನಮ್ಮ ಪಂಗಡದವನು. ಅವನಿಗೆ ಮಂಗಳಾರತಿ ಮಾಡಿ, ಮಾವ ತಾವೇ ಫೋನ್ ಹಚ್ಚಿದರು. ಆ ಕಡೆ ಕನ್ನಡದ ಹುಡುಗಿಯೇ ಸಿಕ್ಕಳು.

“ಬರ್ಕೊಳ್ಳಿ. ಸಿಯೆರಾ.”

“ಹೇಳಿ ಸಾರ್.”

“ಯೂನಿಫಾರ್ಮ್.”

“ಸಾರ್, ಇದು ಇನ್ಶೂರೆನ್ಸು...”

“ನವೆಂಬರ್! ಆಲ್ಫಾ! ನವೆಂಬರ್!”

“ಪಾಲಿಸಿ ನವೆಂಬರಿಗೆ ಮುಗಿಯುತ್ತಾ ಸಾರ್?”

“ಡೆಲ್ಟಾ. ಆಲ್ಫಾ. ಈಗ ರೀಡ್ ಬ್ಯಾಕ್!”

ಕೇಳಿದ್ದನ್ನು ತಿರುಗಿ ಓದಿ ಹೇಳಬೇಕೆನ್ನುವುದು ವೈರ್‌ಲೆಸ್‌ನವರ ಒಳ್ಳೆಯ ಪದ್ಧತಿ. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಇಲ್ಲೂ ಸಿಕ್ಕಿಬಿತ್ತು. ಹುಡುಗಿ ಓದಿದಳು: “ಹೆಸರು ಸಿಯೆರಾ, ಸರ್‌ನೇಮ್ ಯೂನಿಫಾರ್ಮ್. ಕರೆಕ್ಟಾ ಸಾರ್?”

ಅಡುಗೆಮನೆಯಿಂದ ಬಂದ ಸುನಂದತ್ತೆ “ಕೊಡೀ ಇಲ್ಲಿ” ಎಂದು ಫೋನ್ ಕಿತ್ತುಕೊಂಡರು. “ನೋಡಮ್ಮ, ಎಸ್ಸೆಸ್ಸೆಲ್ಸಿ ಎಸ್ಸು. ಯುಗಾದಿ ಯು. ನಂದಿನಿ ಹಾಲು ಎನ್ನು. ಅಮ್ಮ ಎ. ಆಮೇಲೆ ಇನ್ನೊಂದು ನಂದಿನಿ, ದಸರಾ ಡಿ, ಇನ್ನೊಂದು ಅಮ್ಮ.” ಹುಡುಗಿ ಒಂದೇ ಉಸಿರಿಗೆ ತಿರುಗಿ ಓದಿದಳು. ಒಂದಕ್ಷರ ಆಚೀಚೆಯಿಲ್ಲ.

ಮಾವ ಸೋಲೊಪ್ಪುವ ಆಸಾಮಿಯಲ್ಲ. “ಯುಗಾದಿಗೆ ವೈ ಹಾಕೋರಿದಾರೆ ಗೊತ್ತಾ? ‘ಅಮ್ಮ’ ತೀರಾ ಚಿಕ್ಕ ಪದ, ಲೈನ್ ಕರ್ ಅಂದ್ರೆ ‘ಮ್ಮ’ ಅಷ್ಟೇ ಉಳಿಯುತ್ತೆ, ಅವಳು ಎಮ್ ಬರೀತಾಳೆ” ಎಂದು ತಕರಾರು ತೆಗೆದರು. ನ್ಯಾಯವಾಗಿ ಹೇಳುವುದಾದರೆ ಎರಡೂ ಮಾತು ಸರಿಯೇ. ಆದರೆ ಅವರ ಪಟ್ಟಿಯನ್ನು ಪೈಲಟ್ಟೂ ಕಲಿತಿರುತ್ತಾನೆ, ಟವರಿನವನೂ ಕಲಿತಿರುತ್ತಾನೆ. ಈ ಹುಡುಗಿ ಬೆಳಗ್ಗೆ ಎದ್ದು ನೋಡುವುದು ನಂದಿನಿ ಪ್ಯಾಕೆಟ್ಟನ್ನು.

“ಮೊಬೈಲ್ ನಂಬರ್ ಹೇಳಿ ಆಂಟಿ” ಎಂದಿತು ಫೋನು. ಅಂಕಿಸಂಖ್ಯೆ ತಮ್ಮ ಖಾತೆಯೆಂದು ಮಾವ ಮತ್ತೆ ಕಸಿದುಕೊಂಡರು. ನೈನೂ ಫೈವೂ ಒಂದೇ ಥರ ಕೇಳಿಸುತ್ತವೆಂದು ರೇಡಿಯೋದವರು ನೈನನ್ನು ‘ನೈನರ್’ ಎನ್ನುವುದುಂಟು. ಮಾವ ಎದೆಯುಬ್ಬಿಸಿ “ನೈನರ್!” ಎಂದು ಶುರು ಮಾಡಿ, ಹತ್ತೂ ಅಂಕಿಗಳನ್ನು ಬಿಡಿಬಿಡಿಯಾಗಿ ಒಪ್ಪಿಸಿದರು.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಸಾರ್, ನೈನ್, ಆರು ಅಂತ ಹಾಕ್ಕೊಂಡೆ. ಒಟ್ಟು ಹನ್ನೊಂದು ಬರ್ತಾ ಇದೆಯಲ್ಲ?”